ಅಜ್ಜಿ ಹಲ್ಲಿಯಲ್ಲಿದ್ದಾರೆ

‘ನಿಮ್ಮಜ್ಜಿ ಎಲ್ಲಿದ್ದಾರೆ ಪುಟ್ಟಿ?’ ಎಂದು ಕೇಳಿದೆ. ಎಂಟು ವರ್ಷದ ಹುಡುಗಿ ಒಂದಿಷ್ಟೂ ತಡೆಯದೆ, ‘ನಮ್ಮಜ್ಜಿ ಹಲ್ಲಿಯಲ್ಲಿದ್ದಾರೆ ಆಂಟಿ’ ಎಂದಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ನಾವು ಭಾನುವಾರ ನಡೆಸುವ ಕನ್ನಡ ತರಗತಿ ಅದು. ಹಿಂದುಗಡೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಅಮ್ಮಂದಿರು ಗೊಳ್ಳೆಂದು ನಕ್ಕರು. ನಗುವಂಥದ್ದು ಏನಾಯಿತೆಂದು ಹುಡುಗಿಗೆ ತಿಳಿಯಲಿಲ್ಲ. ಆ ದಿನ ಅವಳು ಮತ್ತೆ ಬಾಯಿ ಬಿಡಲಿಲ್ಲ.

ಅವಳ ತಪ್ಪಿನಿಂದಲೇ ಒಂದು ಅಭ್ಯಾಸದ ಹಾಳೆ ಹುಟ್ಟಿತು. ಎರಡೂ ಕಡೆ ಮುದ್ರಿಸಿದ ಒಂದೇ ಕಾಗದ. ಮೇಲ್ಗಡೆ ಹೆಸರು, ತಾರೀಕು. ಕೆಳಗೆ ‘ಅಜ್ಜಿ ಎಲ್ಲಿದ್ದಾರೆ?’ ಎಂಬ ಶೀರ್ಷಿಕೆ. ನೋಡಿದರೆ ಐದು ನಿಮಿಷದಲ್ಲಿ ಮಾಡಿದ ಹಾಗೆ ಕಾಣುತ್ತದೆ. ಅದನ್ನು ನಾಲ್ಕು ಸಲ ಕೆಡಿಸಿ ಕಟ್ಟಿದ್ದೇನೆ. ಪ್ರತಿ ಸಲವೂ ಈ ಮಕ್ಕಳ ಬಗ್ಗೆ ನನಗೆ ಗೊತ್ತಿಲ್ಲದ ಒಂದೊಂದು ವಿಷಯ ಗೊತ್ತಾಯಿತು.

ಮೊದಲನೆಯದಾಗಿ, ಇವರು ಕನ್ನಡ ಬಾರದ ಮಕ್ಕಳಲ್ಲ. ‘ಶೂ ತೆಗೆದು ಒಳಗೆ ಬಾ’, ‘ತಟ್ಟೆ ಸಿಂಕಿಗೆ ಹಾಕು’, ‘ಇನ್ನೊಂದು ದೋಸೆ ಬೇಕಾ?’ ಎಲ್ಲವೂ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಕಿವಿ ತುಂಬಿದೆ, ಬಾಯಿ ಅರ್ಧ, ಕೈ ಖಾಲಿ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಬರುವ ಮಗುವಿಗೆ ಬಾಯಿ ತುಂಬ ಕನ್ನಡ ಇರುತ್ತದೆ, ಕಲಿಯಬೇಕಾದದ್ದು ಅಕ್ಷರ ಮಾತ್ರ. ಅಲ್ಲಿನ ಪಠ್ಯಪುಸ್ತಕ ಆ ನಂಬಿಕೆಯ ಮೇಲೆ ನಿಂತಿದೆ. ಊರಿಗೆ ಹೋದವರು ಪ್ರೀತಿಯಿಂದ ಅದೇ ಪುಸ್ತಕ ತಂದುಕೊಡುತ್ತಾರೆ. ಅದು ಇಲ್ಲಿ ಓಡುವುದಿಲ್ಲ.

ಏಕೆ ಓಡುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1990ರ ದಶಕದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ಅ, ಆ, ಇ, ಈ ಎಂದು ಸಾಲಾಗಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಶುರು. ಬರೆಯಲು ಸುಲಭವಾದ, ಒಂದಕ್ಕೊಂದು ಕೂಡಿಸಿದರೆ ತಕ್ಷಣ ಪದವಾಗುವ ಅಕ್ಷರಗಳು. ಐದು ಕಲಿತ ಕೂಡಲೇ ಮಗು ಅರಸ, ಸರ, ಗರಗಸ ಓದುತ್ತದೆ. ಜಾಣ ಏರ್ಪಾಡು. ನಮ್ಮ ತರಗತಿಯ ಮಕ್ಕಳೂ ‘ಗರಗಸ’ವನ್ನು ಸರಾಗವಾಗಿ ಓದಿದರು. ಓದಿ ನನ್ನ ಮುಖ ನೋಡಿದರು. ಗರಗಸವನ್ನು ಅವರು ಕಿವಿಯಲ್ಲಿ ಕೇಳಿಯೇ ಇಲ್ಲ, ಅರಸನನ್ನೂ ಕಂಡಿಲ್ಲ. ಓದಿದ್ದು ಪದವಾಗದೆ ಬರೀ ಸದ್ದಾಗಿ ಉಳಿಯಿತು.

ಹಾಗಾದರೆ ಅವರ ಕಿವಿಯಲ್ಲಿರುವ ಪದ ಯಾವುವು? ಒಂದು ಭಾನುವಾರ ಇಡೀ ತರಗತಿಯನ್ನು ಕೇಳಿ ಹಲಗೆಯ ಮೇಲೆ ಬರೆದೆ. ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ, ಅತ್ತೆ, ಚಟ್ನಿ, ಹಣ್ಣು, ತುಪ್ಪ, ಬೆಣ್ಣೆ. ಬರೆದು ಹಿಂದೆ ಸರಿದು ನೋಡಿದಾಗ ಎದೆ ಧಸಕ್ಕೆಂದಿತು. ಎಲ್ಲದಕ್ಕೂ ಒತ್ತಕ್ಷರ! ನಮ್ಮ ಪಾಠಗಳಲ್ಲಿ ಒತ್ತಕ್ಷರ ಬರುವುದು ವರ್ಣಮಾಲೆ, ಕಾಗುಣಿತ ಎಲ್ಲ ಮುಗಿದ ಮೇಲೆ. ಮಗು ಮೊಟ್ಟಮೊದಲು ಬರೆಯಲು ಬಯಸುವ ‘ಅಮ್ಮ’ ಅದರ ಕೈಗೆ ಸಿಗುವುದು ವರ್ಷ ಕಳೆದ ಮೇಲೆ. ನಮಗಿರುವುದು ವಾರಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ ಸುಮಾರು 30 ಭಾನುವಾರ, ಒಟ್ಟು 45 ಗಂಟೆ. ಅಷ್ಟು ಕಾಯುವಂತಿಲ್ಲ. ಆದ್ದರಿಂದ ಈ ಹಾಳೆಯಲ್ಲಿ ಒತ್ತನ್ನು ಮೊದಲೇ ಎಳೆದು ತಂದಿದ್ದೇನೆ, ಅದೂ ಸಜಾತಿ ಒತ್ತು ಮಾತ್ರ. ಅಂದರೆ ಅಕ್ಷರದ ಕೆಳಗೆ ಅದೇ ಅಕ್ಷರ.

ಈಗ ಹಾಳೆಗೆ ಬರೋಣ. ಮೊದಲ ಭಾಗದಲ್ಲಿ ಓದುವುದೂ ಇಲ್ಲ, ಬರೆಯುವುದೂ ಇಲ್ಲ. ಆರು ಚಿತ್ರಗಳಿವೆ: ಹಲ್ಲಿ, ಹಳ್ಳಿ, ಹುಲಿ, ಬಟ್ಟಲಲ್ಲಿ ಹುಳಿ, ಕಾಲು, ಕಾಳು. ನಾನು ಒಂದು ಪದ ಹೇಳುತ್ತೇನೆ, ಮಗು ಚಿತ್ರದ ಮೇಲೆ ಬೆರಳಿಡುತ್ತದೆ. ಎರಡು ಸುತ್ತಾದ ಮೇಲೆ ಅದಲು ಬದಲು. ಮಗು ಹೇಳಬೇಕು, ನಾನು ಬೆರಳಿಡಬೇಕು. ಮಗು ‘ಹುಳಿ’ ಎಂದು ಹೇಳಲು ಹೋಗಿ ‘ಹುಲಿ’ ಎಂದರೆ ನಾನು ಹುಲಿಯ ಮೇಲೇ ಬೆರಳಿಡುತ್ತೇನೆ. ‘ಅಲ್ಲ ಆಂಟಿ, ಅದಲ್ಲ!’ ಎಂದು ಮಗುವೇ ಕೂಗಿ, ನಾಲಿಗೆ ಮಡಿಸಿ ಇನ್ನೊಮ್ಮೆ ಹೇಳುತ್ತದೆ. ನಾನು ‘ತಪ್ಪು’ ಎಂಬ ಮಾತನ್ನೇ ಆಡಬೇಕಾಗಿಲ್ಲ.

ಮೊದಲ ಸಲ ಮೊಲ ಮತ್ತು ಮೊಳ ಎಂಬ ಜೋಡಿಯನ್ನೂ ಹಾಕಿದ್ದೆ. ಮೊಳ ಹೂವು ಅಳೆಯುವುದನ್ನು ಆ ಮಕ್ಕಳು ನೋಡಿಲ್ಲವಾದ್ದರಿಂದ ತೆಗೆದೆ. ಜೋಡಿಯ ಎರಡೂ ಪದ ಮಗುವಿಗೆ ಗೊತ್ತಿದ್ದರೆ ಮಾತ್ರ ಈ ಆಟ ನಡೆಯುತ್ತದೆ.

ಇಂಗ್ಲಿಷಿನಲ್ಲಿ ಳಕಾರ ಇಲ್ಲ. ದಿನವಿಡೀ ಇಂಗ್ಲಿಷ್ ಆಡುವ ನಾಲಿಗೆ ಹಲ್ಲಿನ ಹಿಂದಿನ ಒಸಡಿಗೆ ತಾಗಿ ಲಕಾರವನ್ನೇ ಹೇಳಿಬಿಡುತ್ತದೆ. ಳ ಬೇಕೆಂದರೆ ನಾಲಿಗೆಯ ತುದಿ ಹಿಂದಕ್ಕೆ ಮಡಿಸಿ ಅಂಗುಳಕ್ಕೆ ತಾಗಬೇಕು. ಇದನ್ನು ಬಾಯಲ್ಲಿ ವಿವರಿಸಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಒಂದು ಕೈಗನ್ನಡಿ ಇಟ್ಟುಕೊಂಡಿದ್ದೇನೆ. ಬಾಯಿ ಅಗಲಿಸಿ ಳ ಎಂದಾಗ ನಾಲಿಗೆಯ ಅಡಿಭಾಗ ಕನ್ನಡಿಯಲ್ಲಿ ಕಂಡರೆ ಸರಿ, ಕಾಣದಿದ್ದರೆ ಅದು ಇನ್ನೂ ಲಕಾರವೇ. ಇನ್ನೊಂದು ಮಾತು. ಕೆಲವು ಮನೆಗಳಲ್ಲಿ ದೊಡ್ಡವರೇ ಳಕಾರವನ್ನು ಲಕಾರವಾಗಿ ಆಡುವುದುಂಟು. ಅಂಥ ಮಗುವಿನ ಬಾಯಲ್ಲಿ ‘ಹಲ್ಲಿ’ ಬಂದರೆ ಅದು ಅವರ ಮನೆಯ ಮಾತು. ನಾನು ಓದುವಾಗ, ಬರೆಯುವಾಗ ಮಾತ್ರ ತಿದ್ದುತ್ತೇನೆ.

ಈ ಗೊಂದಲಕ್ಕೆ ನಮ್ಮ ಫೋನುಗಳ ಪಾಲೂ ಇದೆ. ಅಪ್ಪ ಅಮ್ಮ ವಾಟ್ಸ್ಯಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಅಲ್ಲಿ ಹಲ್ಲಿಗೂ ಹಳ್ಳಿಗೂ ಎಚ್, ಎ, ಎಲ್, ಎಲ್, ಐ. ಮಕ್ಕಳಿಗೆ ಸುಲಭವಾಗಲಿ ಎಂದು ನಾನೂ ಮೊದಲ ಹಾಳೆಯಲ್ಲಿ ಪ್ರತಿ ಪದದ ಕೆಳಗೆ ಇಂಗ್ಲಿಷ್ ಅಕ್ಷರ ಹಾಕಿದ್ದೆ. ಇಡೀ ತರಗತಿ ಅದನ್ನೇ ಓದಿತು. ಕನ್ನಡ ಅಕ್ಷರ ಅವರಿಗೆ ಮೇಲಿನ ಚಿತ್ತಾರ. ಎರಡನೇ ಸಲ ತೆಗೆದುಹಾಕಿದೆ. ಪಾಲಕರಿಂದ ಎರಡು ದೂರು ಬಂದವು, ಮಕ್ಕಳಿಂದ ಒಂದೂ ಬರಲಿಲ್ಲ.

ಎರಡನೇ ಭಾಗ ಓದು. ಇಷ್ಟೇ ಇದೆ:

ಇದು ನಮ್ಮ ಹಳ್ಳಿ. ಹಳ್ಳಿಯಲ್ಲಿ ಅಜ್ಜಿ ಮನೆ ಇದೆ. ಗೋಡೆಯ ಮೇಲೆ ಹಲ್ಲಿ ಇದೆ. ನನಗೆ ಹಲ್ಲಿ ಅಂದರೆ ಹೆದರಿಕೆ. ಅಜ್ಜಿಗೆ ಹೆದರಿಕೆ ಇಲ್ಲ. ಅಜ್ಜಿ ನಗುತ್ತಾರೆ. ಅಜ್ಜಿ ಹುಳಿ ಮಾಡುತ್ತಾರೆ.

ಇದರ ಕೆಳಗೆ ‘ಅಜ್ಜಿ ಮನೆ ಎಲ್ಲಿದೆ?’ ಎಂಬ ಪ್ರಶ್ನೆ ಹಾಕಿದರೆ ಏನಾಗುತ್ತದೆ ಎಂಬುದು ಪಾಠ ಮಾಡಿದವರಿಗೆಲ್ಲ ಗೊತ್ತು. ‘ಅಜ್ಜಿ ಮನೆ’ ಎಂಬ ಅಕ್ಷರಗಳು ಪಾಠದಲ್ಲಿ ಎಲ್ಲಿವೆ ಎಂದು ಮಗು ಹುಡುಕಿ, ಪಕ್ಕದ ಪದವನ್ನು ನಕಲು ಮಾಡಿ ಕೊಡುತ್ತದೆ. ಉತ್ತರ ಸರಿ, ಅರ್ಥ ಸೊನ್ನೆ. ಅದಕ್ಕೇ ಇಲ್ಲಿ ಪ್ರಶ್ನೆಯೇ ಇಲ್ಲ. ಒಂದು ಖಾಲಿ ಚೌಕವಿದೆ, ‘ಚಿತ್ರ ಬರಿ’ ಎಂದಿದೆ. ಗೋಡೆಯ ಮೇಲೆ ಹಲ್ಲಿ, ನಗುವ ಅಜ್ಜಿ, ಒಲೆಯ ಮೇಲೆ ಪಾತ್ರೆ, ಹೆದರಿದ ಮಗು ಬಂದರೆ ಓದಿದ್ದು ಅರ್ಥವಾಗಿದೆ. ಒಬ್ಬ ಹುಡುಗ ಪಾತ್ರೆಯಿಂದ ಪಟ್ಟೆ ಪಟ್ಟೆ ಬಾಲವೊಂದು ಹೊರಗೆ ಇಣುಕುವ ಹಾಗೆ ಬರೆದಿದ್ದ. ಅವನು ಹುಳಿಯನ್ನು ಹುಲಿ ಎಂದು ಓದಿದ್ದನೋ, ನನ್ನನ್ನು ಆಟವಾಡಿಸಿದನೋ, ಇವತ್ತಿಗೂ ಗೊತ್ತಿಲ್ಲ.

ಈ ಭಾಗದಲ್ಲಿ ಮಕ್ಕಳು ಎಡವುವ ಜಾಗ ನಾನು ಎಣಿಸಿದ್ದ ‘ಹಳ್ಳಿ’ ಅಲ್ಲ, ‘ನಗುತ್ತಾರೆ’. ನ, ಗು, ತ್ತಾ, ರೆ ಎಂದು ಒಂದೊಂದೇ ಅಕ್ಷರ ಸರಿಯಾಗಿ ಓದಿ, ಕೂಡಿಸಿ ‘ನಗುತ್ತಾರೆ’ ಎಂದು, ‘ಹಾಗಂದರೇನು ಆಂಟಿ?’ ಎಂದು ಕೇಳುತ್ತಾರೆ. ನಾನು ‘ನಗ್ತಾರೆ’ ಎಂದ ಕೂಡಲೇ ಮುಖ ಅರಳುತ್ತದೆ. ಬರೆಯುವ ಕನ್ನಡ, ಆಡುವ ಕನ್ನಡ ಬೇರೆ ಬೇರೆ ಎಂಬುದು ನಮಗೆ ಎಷ್ಟು ರೂಢಿಯೆಂದರೆ ಅದೊಂದು ತೊಡಕು ಎಂದೇ ಅನಿಸುವುದಿಲ್ಲ. ಊರಿನ ಮಗು ಟೀವಿ ವಾರ್ತೆ, ಬಸ್ಸಿನ ಬೋರ್ಡು, ಶಾಲೆಯ ಪ್ರಾರ್ಥನೆ ಎಲ್ಲದರಲ್ಲೂ ಗ್ರಂಥದ ಕನ್ನಡ ಕೇಳಿ ಕಂಡು ಬೆಳೆಯುತ್ತದೆ. ಇಲ್ಲಿನ ಮಗುವಿಗೆ ಅಡುಗೆಮನೆಯ ಕನ್ನಡ ಒಂದೇ ಗೊತ್ತು.

ಮತ್ತೆ ಆ ಅಡುಗೆಮನೆಯೂ ಒಂದೇ ಥರ ಇರುವುದಿಲ್ಲ. ನಮ್ಮ ತರಗತಿಯಲ್ಲಿ ಒಂದು ಮಗುವಿನ ಮನೆಯಲ್ಲಿ ‘ಏನ್ ಮಾಡ್ತಿದೀಯಾ?’, ಧಾರವಾಡದ ಕಡೆಯವರ ಮನೆಯಲ್ಲಿ ‘ಏನ್ ಮಾಡಾಕತ್ತಿ?’, ಕರಾವಳಿಯವರ ಮನೆಯಲ್ಲಿ ‘ಎಂತ ಮಾಡ್ತಾ ಇದ್ದಿ?’. ಆದ್ದರಿಂದ ಓದಿನ ಪಕ್ಕದಲ್ಲಿ ಎರಡು ಕಂಬ ಹಾಕಿದ್ದೇನೆ. ಒಂದರ ತಲೆಯ ಮೇಲೆ ‘ಪುಸ್ತಕದಲ್ಲಿ’, ಇನ್ನೊಂದರ ಮೇಲೆ ‘ನಮ್ಮ ಮನೆಯಲ್ಲಿ’. ಮೊದಲನೆಯದರಲ್ಲಿ ನಗುತ್ತಾರೆ, ಮಾಡುತ್ತಾರೆ, ಹೋಗುತ್ತೇನೆ ಎಂಬ ಮೂರು ಪದ ಮುದ್ರಿಸಿದೆ. ಎರಡನೆಯದು ಖಾಲಿ. ಮಗು ಮನೆಯಲ್ಲಿ ಕೇಳಿ ತುಂಬಬೇಕು. ನಗ್ತಾರೆ, ನಗ್ತಾರ, ಯಾವುದು ಬಂದರೂ ಸರಿ. ಇದರಲ್ಲಿ ನಾನು ಕೆಂಪು ಪೆನ್ನು ಆಡಿಸುವುದಿಲ್ಲ. ಮನೆಯ ಮಾತು ತಪ್ಪು, ಪುಸ್ತಕದ ಮಾತು ಸರಿ ಎಂದು ಒಂದು ಸಲ ಅನಿಸಿಬಿಟ್ಟರೆ ಮಗು ಎರಡನ್ನೂ ಬಿಟ್ಟು ಇಂಗ್ಲಿಷಿಗೆ ಹೋಗುತ್ತದೆ.

ಹಾಳೆ ತಿರುಗಿಸಿದರೆ ಬರವಣಿಗೆ. ಹಿಂದೆ ನಾನು ಒಂದು ಅಕ್ಷರವನ್ನು ಹತ್ತು ಸಲ ಬರೆಸುತ್ತಿದ್ದೆ. ಮೂರನೇ ಸಲದ ನಂತರ ಅಕ್ಷರ ಕೆಡುತ್ತಾ ಹೋಗುತ್ತದೆ, ಹತ್ತನೆಯದು ಗುರುತೇ ಸಿಗುವುದಿಲ್ಲ. ಈಗ ಎರಡೇ ಸಲ. ಅದರ ಬದಲು ಒತ್ತು ಬಿಟ್ಟ ಪದಗಳನ್ನು ಕೊಡುತ್ತೇನೆ: ಅಪ, ಅಕ, ಅಣ, ಅಜಿ. ಓದಿದಾಗ ನಗು ಬರುತ್ತದೆ. ಬಿಟ್ಟುಹೋದ ಒತ್ತನ್ನು ಕೆಳಗೆ ಹಾಕಿ ಅಪ್ಪ, ಅಕ್ಕ, ಅಣ್ಣ, ಅಜ್ಜಿ ಮಾಡಬೇಕು. ಇವೆಲ್ಲ ಒಳ್ಳೆಯ ಒತ್ತುಗಳು, ತಲೆಕಟ್ಟು ಇದ್ದರೆ ಅದನ್ನು ತೆಗೆದ ಅದೇ ಅಕ್ಷರ. ಆಮೇಲೆ ಬರುತ್ತವೆ ತಂಟೆಯವು. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲ ಅಕ್ಷರದ ಹೋಲಿಕೆ ಇಲ್ಲ. ಅಂದರೆ ಅಪ್ಪನನ್ನು ಬರೆಯುವುದು ಸುಲಭ, ಅಮ್ಮ ಮತ್ತು ಅತ್ತೆ ಕಷ್ಟ. ಹಳ್ಳಿ ಸುಲಭ, ಹಲ್ಲಿ ಕಷ್ಟ. ಇದನ್ನು ಮಕ್ಕಳಿಗೆ ಹೀಗೇ ಹೇಳಿಬಿಡುತ್ತೇನೆ. ಅತ್ತೆ ಕಷ್ಟ ಎಂದಾಗ ಹಿಂದೆ ಕೂತ ಅಮ್ಮಂದಿರಿಗೆ ಮಕ್ಕಳಿಗಿಂತ ಹೆಚ್ಚು ಖುಷಿ.

ಬರೆಯುವ ಗೆರೆಗಳ ಬಗ್ಗೆಯೂ ಹೇಳಬೇಕು. ಇಂಗ್ಲಿಷ್ ಅಕ್ಷರ ಕಲಿಸುವ ಕಾಗದದಲ್ಲಿ ಕನ್ನಡ ಬರೆಸಿದರೆ ಒತ್ತಿಗೆ ಜಾಗವೇ ಇರುವುದಿಲ್ಲ. ಮಗು ಅದನ್ನು ಪಕ್ಕಕ್ಕೆ ಬರೆದು ‘ಅಮ್ಮ’ ಎಂಬುದು ಮೂರಕ್ಷರದ ಪದ ಎಂದುಕೊಳ್ಳುತ್ತದೆ. ಅಕ್ಷರಕ್ಕೆ ಎರಡು ಗೆರೆ, ಅದರ ಕೆಳಗೆ ಒತ್ತಿಗೆಂದು ತೆಳು ಚುಕ್ಕಿಯ ಇನ್ನೊಂದು ಗೆರೆ ಹಾಕಿದ ಮೇಲೆ ಆ ತಪ್ಪು ಬಹುಪಾಲು ನಿಂತಿತು. ಮುದ್ರಣದ್ದೂ ಒಂದು ರಗಳೆ. ಮೂರನೇ ಸಲದ ಹಾಳೆಯನ್ನು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾಡಿ, ಬೇರೆ ಕಡೆ ಹದಿನೆಂಟು ಪ್ರತಿ ತೆಗೆಸಿದೆ. ಅಲ್ಲಿ ಕನ್ನಡ ಫಾಂಟ್ ಇರಲಿಲ್ಲವೋ ಏನೋ, ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ನಿಂತಿದ್ದವು. ಒತ್ತಕ್ಷರ ಕಲಿಸುವ ಹಾಳೆಯಲ್ಲಿ ಒಂದೂ ಒತ್ತಕ್ಷರ ಇಲ್ಲ! ಈಗ ಪಿಡಿಎಫ್ ಮಾಡಿ, ಒಂದು ಪ್ರತಿ ತೆಗೆದು ಕಣ್ಣಾರೆ ನೋಡಿಯೇ ಉಳಿದದ್ದು.

ಬರವಣಿಗೆಯ ಕೊನೆಯಲ್ಲಿ ಒಂದು ವಾಕ್ಯವಿದೆ: ‘ನನಗೆ ______ ಬೇಕು.’ ‘ನನಗೆ’ ಎಂಬುದನ್ನು ನಾನೇ ಅಚ್ಚು ಹಾಕಿಟ್ಟಿದ್ದೇನೆ. ಬಿಟ್ಟರೆ ಹತ್ತರಲ್ಲಿ ಏಳು ಮಕ್ಕಳು ‘ನಾನು ದೋಸೆ ಬೇಕು’ ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಬೇಕೆನ್ನುವವನು ವಾಕ್ಯದ ಯಜಮಾನ. ಕನ್ನಡದಲ್ಲಿ ಹಸಿವು, ಜ್ವರ, ಹೆದರಿಕೆ, ಬೇಕು, ಇಷ್ಟ ಎಲ್ಲ ನನಗೆ ಬರುವಂಥವು. ವ್ಯಾಕರಣ ಹೇಳಲು ಹೋಗದೆ, ‘ನಾನು ಬೇಕು’ ಅಂದರೆ ನಿನ್ನನ್ನೇ ಯಾರಿಗೋ ಕೊಡಬೇಕಾಗುತ್ತದೆ ಎನ್ನುತ್ತೇನೆ. ಓದಿನ ಪಾಠದಲ್ಲಿ ‘ನನಗೆ ಹೆದರಿಕೆ’, ‘ಅಜ್ಜಿಗೆ ಹೆದರಿಕೆ ಇಲ್ಲ’ ಎಂದು ಬಂದದ್ದು ಇದಕ್ಕೇ ಹದ ಮಾಡಿದ್ದು.

ಕೊನೆಯ ಭಾಗ ಮಾತು. ಅದನ್ನು ತರಗತಿಯಲ್ಲಿ ಮಾಡುವುದಿಲ್ಲ. ಮೊದಲು ‘ನಿನ್ನ ಬಗ್ಗೆ ಐದು ವಾಕ್ಯ ಹೇಳು’ ಎಂದಿತ್ತು. ಅಮ್ಮ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಬಂದು ಒಪ್ಪಿಸುತ್ತಿದ್ದರು. ಈಗ ಅಲ್ಲಿರುವುದು ಅಜ್ಜಿಗೆ ಫೋನ್. ಮೂರು ಪ್ರಶ್ನೆಗಳನ್ನು ಆಡುಮಾತಿನಲ್ಲೇ ಬರೆದಿದ್ದೇನೆ: ‘ಅಜ್ಜಿ, ಊಟ ಆಯ್ತಾ?’, ‘ಏನ್ ಅಡುಗೆ ಮಾಡಿದ್ರಿ?’, ‘ನಿಮ್ಮನೇಲಿ ಹಲ್ಲಿ ಇದೆಯಾ? ಎಲ್ಲಿದೆ?’. ಪ್ರತಿಯೊಂದರ ಮುಂದೆ ಅಜ್ಜಿಯ ಉತ್ತರಕ್ಕೆ ಒಂದು ಗೆರೆ. ಅಜ್ಜಿ ಏನೆನ್ನುತ್ತಾರೆಂದು ಅಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಗು ಕಿವಿಗೊಟ್ಟು ಕೇಳಲೇಬೇಕು, ಕೇಳಿದ್ದನ್ನು ಒಂದು ಪದವಾದರೂ ಬರೆಯಲೇಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಅಜ್ಜಿಯಾದರೆ ಕನ್ನಡ ಆಡುವ ಇನ್ನೊಬ್ಬ ಹಿರಿಯರಿಗೆ ಫೋನ್ ಮಾಡಲಿ. ಹನ್ನೊಂದು ವರ್ಷ ದಾಟಿದವರು ಚಿತ್ರ ಬರೆಯಲು ನಾಚುತ್ತಾರೆ, ಅವರು ಅಜ್ಜಿಯ ಮಾತನ್ನು ಪೂರ್ತಿ ವಾಕ್ಯದಲ್ಲಿ ಬರೆದುಕೊಂಡು ಬರಬೇಕು.

‘ಮಾಡಿದ್ರಿ’, ‘ನಿಮ್ಮನೇಲಿ’ ಎಂದು ಬಹುವಚನ ಇಟ್ಟದ್ದು ಬೇಕೆಂದೇ. ಈ ಮಕ್ಕಳು ಕನ್ನಡದಲ್ಲಿ ಕೇಳಿರುವುದು ಹೆಚ್ಚಾಗಿ ದೊಡ್ಡವರು ತಮಗೆ ಹೇಳಿದ್ದನ್ನು: ಬಾ, ಕೂತ್ಕೋ, ತಿನ್ನು. ಅದನ್ನೇ ತಿರುಗಿಸಿ ತಾತನಿಗೂ ‘ಕೂತ್ಕೋ’ ಎನ್ನುತ್ತಾರೆ. ಅಜ್ಜಿಗೆ ‘ಬಾ’ ಎಂದು ಮುದ್ದಿನಿಂದ ಕರೆಯುವ ಮನೆಗಳು ಬೇಕಾದಷ್ಟಿವೆ, ಅದು ಬೇರೆ. ಆದರೆ ಮನೆಗೆ ಬಂದ ಅಪರಿಚಿತ ಹಿರಿಯರಿಗೂ ಅದೇ ಬಾಯಿಗೆ ಬಂದರೆ ಮಗುವಿನದಲ್ಲದ ತಪ್ಪಿಗೆ ಮಗು ಒರಟು ಎನಿಸಿಕೊಳ್ಳುತ್ತದೆ.

ಆ ಹುಡುಗಿಯ ಹಾಳೆ ಮುಂದಿನ ಭಾನುವಾರ ವಾಪಸು ಬಂತು. ಆರು ಚಿತ್ರಗಳಲ್ಲಿ ಐದಕ್ಕೆ ಸರಿಯಾಗಿ ಬೆರಳಿಟ್ಟಳು. ಹಳ್ಳಿ ಎಂದು ಸ್ಪಷ್ಟವಾಗಿ ಹೇಳಿದಳು. ಬರೆಯುವಾಗ ಮಾತ್ರ ಒತ್ತು ಬಿಟ್ಟು, ‘ನಮ್ಮ ಅಜ್ಜಿ ಹಳಿಯಲ್ಲಿ ಇದ್ದಾರೆ’ ಎಂದಿದ್ದಳು. ಹಲ್ಲಿಯಿಂದ ಬಿಡಿಸಿಕೊಂಡ ಅಜ್ಜಿ ರೈಲು ಹಳಿಯ ಮೇಲೆ! ‘ಬಿಟ್ಟುಹೋದ ಒತ್ತು ಹುಡುಕು’ ಎಂದೆ, ತಾನೇ ಹಾಕಿದಳು. ದೋಸೆಯ ದೀರ್ಘವೂ ತಪ್ಪಿತ್ತು, ಅದನ್ನು ಹಾಗೇ ಬಿಟ್ಟೆ. ಒಂದು ಹಾಳೆಗೆ ಒಂದು ಗಂಟು, ಉಳಿದದ್ದಕ್ಕೆ ಇನ್ನೊಂದು ಹಾಳೆ ಇದೆ. ಫೋನಿನ ಗೆರೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಕ್ಯಾಲೆಂಡರ್ ಹಿಂದೆ’ ಎಂದಿತ್ತು. ಕ್ಯಾಲೆಂಡರ್ ಎಂಬುದಕ್ಕೆ ಬೇಕಾದ ಯಒತ್ತನ್ನು ನಾನು ಕಲಿಸಿರಲಿಲ್ಲ. ಅಜ್ಜಿ ಫೋನಿನಲ್ಲೇ ಹೇಳಿಕೊಟ್ಟಿದ್ದರಂತೆ.

ಇದನ್ನು ಓದುತ್ತಿರುವ ಅಜ್ಜಿ ತಾತಂದಿರಲ್ಲಿ ಒಂದು ಕೋರಿಕೆ. ನಮ್ಮ ತರಗತಿ ಬಿಡುವ ಹೊತ್ತಿಗೆ ನಿಮಗೆ ಭಾನುವಾರ ರಾತ್ರಿ ಊಟದ ಸಮಯ. ಆಗ ಫೋನ್ ಬಂದು, ಆ ಕಡೆಯಿಂದ ಮಗು ತಡವರಿಸುತ್ತಾ ‘ಊಟ ಆಯ್ತಾ?’ ಎಂದರೆ, ದಯವಿಟ್ಟು ಇಂಗ್ಲಿಷಿಗೆ ಇಳಿಯಬೇಡಿ. ಏನು ಅಡುಗೆ ಎಂಬುದನ್ನು ನಿಧಾನವಾಗಿ, ಎರಡು ಸಲ ಹೇಳಿ. ಅದು ಬರೆದುಕೊಳ್ಳುತ್ತಿರುತ್ತದೆ.